ಸಮಯ ಮುಗಿದರೂ ಉತ್ತರ ಮುಗಿಯದಿದ್ದರೆ

ಪ್ರಶ್ನೆ: ಉಪ್ಪಲ್‌ನಲ್ಲಿ ಪಿಜಿಯಲ್ಲಿದ್ದೇನೆ. ರೆಕಾರ್ಡ್ ಆಗುವ ವಿಡಿಯೋ ಸಂದರ್ಶನಗಳಲ್ಲಿ ನನ್ನ ಉತ್ತರ ಅರ್ಧಕ್ಕೇ ನಿಲ್ಲುತ್ತದೆ. ಏನು ಮಾಡಲಿ?

ಉತ್ತರ: ಬೇಗ ಮಾತಾಡಿದರೆ ಇದು ಸರಿಹೋಗುವುದಿಲ್ಲ, ಹೇಳುವ ಕ್ರಮ ಬದಲಾಗಬೇಕು. ‘ಸಿಟ್ಟಾದ ಗ್ರಾಹಕರನ್ನು ಹೇಗೆ ನಿಭಾಯಿಸಿದಿರಿ?’ ಎಂಬ ಪ್ರಶ್ನೆಗೆ 30 ಸೆಕೆಂಡ್ ತಯಾರಿ, 90 ಸೆಕೆಂಡ್ ಉತ್ತರ ಎಂದುಕೊಳ್ಳಿ. ತಯಾರಿಯಲ್ಲಿ ಪೂರ್ತಿ ವಾಕ್ಯ ಬರೆಯಬೇಡಿ. ‘ತಪ್ಪು ಬಿಲ್, ಪರಿಶೀಲನೆ, ಹಣ ವಾಪಸ್’ ಇಷ್ಟೇ ಗೀಚಿಕೊಳ್ಳಿ. ಬಾಯಿ ತೆರೆದ ಕೂಡಲೇ ಫಲಿತಾಂಶ ಹೇಳಿ: ‘ತಪ್ಪು ಬಿಲ್ ಸರಿಪಡಿಸಿ ಅದೇ ದಿನ ಹಣ ವಾಪಸ್ ಕೊಡಿಸಿದೆ.’ ಸಂದರ್ಭಕ್ಕೆ 15 ಸೆಕೆಂಡ್ ಸಾಕು, ಉಳಿದದ್ದು ನೀವು ಮಾಡಿದ ಕೆಲಸಕ್ಕೆ. ಆಗ ರೆಕಾರ್ಡಿಂಗ್ ತಾನಾಗಿ ನಿಂತರೂ ಮುಖ್ಯ ಮಾತು ದಾಖಲಾಗಿರುತ್ತದೆ.

ಫೋನಿನಲ್ಲಿ ಟೈಮರ್ ಇಟ್ಟು ರೆಕಾರ್ಡ್ ಮಾಡಿ ನೋಡಿ. ಕಣ್ಣು ಪದೇಪದೇ ಮೂಲೆಗೆ ಹೋಗುತ್ತಿದ್ದರೆ ನೀವು ಗಡಿಯಾರ ನೋಡುತ್ತಿದ್ದೀರಿ ಎಂದರ್ಥ. ಕ್ಯಾಮೆರಾ ಪಕ್ಕ ಚುಕ್ಕೆ ಅಂಟಿಸಿ, ಅಲ್ಲೇ ನೋಡಿ. ಸಂದರ್ಶನದ ಲಿಂಕ್‌ಗೆ ಸಾಮಾನ್ಯವಾಗಿ ಕೆಲವು ದಿನಗಳ ಗಡುವಿರುತ್ತದೆ. ಹಾಗಾಗಿ ರಸ್ತೆಯ ಹಾರ್ನ್, ರೂಮ್‌ಮೇಟ್ ಗದ್ದಲ ಎರಡೂ ಇಲ್ಲದ ಬೆಳಗಿನ ಜಾವ ಕೂರಿ. ಮರುಪ್ರಯತ್ನದ ಅವಕಾಶ ಎಲ್ಲ ಕಂಪನಿಗಳಲ್ಲೂ ಇರುವುದಿಲ್ಲ. ಶುರು ಒತ್ತುವ ಮೊದಲು ಸೂಚನೆ ಓದಿಕೊಳ್ಳಿ.