ಮಿಕ್ಸಿಯ ಐದು ವರ್ಷದ ವಾರಂಟಿ: ಮಾರಾಟಗಾರನ ಪ್ರಕಟಣೆ ಮತ್ತು ಕಾನೂನಿನ ಹೊಣೆ

ಅಡುಗೆಮನೆಯ ಉಪಕರಣಗಳನ್ನು ಮಾರುವ ಅಂಗಡಿಯೊಂದು ವಾಟ್ಸ್ಆ್ಯಪ್‌ನಲ್ಲೋ ಫೇಸ್‌ಬುಕ್‌ನಲ್ಲೋ ಮಿಕ್ಸಿಯ ಚಿತ್ರದೊಡನೆ ‘5 ವರ್ಷ ವಾರಂಟಿ’ ಎಂದು ಪ್ರಕಟಿಸಿದಾಗ, ಆ ಮಾತು ಗಿರಾಕಿಯನ್ನು ಸೆಳೆಯುವ ಒಕ್ಕಣೆಯಷ್ಟೇ ಆಗಿ ಉಳಿಯುವುದಿಲ್ಲ. 2020ರ ಜುಲೈ 20ರಂದು ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ ಕಾಯ್ದೆ, 2019, ವಿದ್ಯುನ್ಮಾನ ಮಾಧ್ಯಮ ಮತ್ತು ಅಂತರ್ಜಾಲದ ಮೂಲಕ ಮಾಡುವ ಪ್ರಚಾರವನ್ನೂ ಜಾಹೀರಾತೆಂದೇ ಪರಿಗಣಿಸುವುದರಿಂದ, ಅಂತಹ ಪ್ರಕಟಣೆಯು ಮುಂದೆ ವ್ಯಾಜ್ಯವುಂಟಾದರೆ ಗ್ರಾಹಕ ಆಯೋಗದ ಮುಂದಿಡಬಹುದಾದ ಲಿಖಿತ ಭರವಸೆಯಾಗುತ್ತದೆ.

ವಾರಂಟಿ ಎಂದರೆ, ಗೊತ್ತುಪಡಿಸಿದ ಅವಧಿಯೊಳಗೆ ವಸ್ತುವಿನಲ್ಲಿ ದೋಷ ಕಂಡುಬಂದರೆ ಅದನ್ನು ದುರಸ್ತಿ ಮಾಡಿಕೊಡುವ ಅಥವಾ ಭಾಗವನ್ನು ಬದಲಿಸಿಕೊಡುವ ವಾಗ್ದಾನ. ಆಡುಮಾತಿನಲ್ಲಿ ‘ವಾರಂಟಿ ಎಂದರೆ ರಿಪೇರಿ, ಗ್ಯಾರಂಟಿ ಎಂದರೆ ಹೊಸದೇ ಕೊಡುವುದು’ ಎಂಬ ವ್ಯತ್ಯಾಸ ಬಳಕೆಯಲ್ಲಿದೆಯಾದರೂ ಗ್ರಾಹಕ ಕಾಯ್ದೆ ಇವೆರಡನ್ನೂ ಒಟ್ಟಿಗೇ ಹೆಸರಿಸುತ್ತದೆ. ಆದ್ದರಿಂದ ಯಾವ ಪದವನ್ನು ಬಳಸಲಾಗಿದೆ ಎಂಬುದಕ್ಕಿಂತ ಏನನ್ನು ಮಾಡಿಕೊಡುವುದಾಗಿ ಹೇಳಲಾಗಿದೆ ಎಂಬುದೇ ಮುಖ್ಯವಾಗುತ್ತದೆ. ಈ ಲಿಖಿತ ವಾಗ್ದಾನದ ಹೊರತಾಗಿಯೂ ಸರಕು ಮಾರಾಟ ಕಾಯ್ದೆ, 1930ರ 16ನೆಯ ಕಲಮಿನಂತೆ, ಅಂತಹ ಸರಕಿನ ವ್ಯಾಪಾರವನ್ನೇ ಮಾಡುವವನಿಂದ ಕೊಂಡ ವಸ್ತು ಸಾಮಾನ್ಯ ಬಳಕೆಗೆ ಯೋಗ್ಯವಾದ ಗುಣಮಟ್ಟದ್ದಾಗಿರಬೇಕೆಂಬ ಅಲಿಖಿತ ಷರತ್ತು ಮಾರಾಟದೊಳಗೆ ಸೇರಿಯೇ ಇರುತ್ತದೆ.

ಮಿಕ್ಸಿಯ ವಾರಂಟಿಯಲ್ಲಿ ಗೊಂದಲ ಹುಟ್ಟುವುದು ಅವಧಿಗಳು ಎರಡಾಗಿರುವುದರಿಂದ. ಅನೇಕ ತಯಾರಕರು ಇಡೀ ಯಂತ್ರಕ್ಕೆ 2 ವರ್ಷ, ಮೋಟಾರಿಗೆ ಮಾತ್ರ 5 ವರ್ಷ ಎಂದು ವಾರಂಟಿ ಕಾರ್ಡಿನಲ್ಲಿ ಮುದ್ರಿಸುತ್ತಾರೆ. ಜಾರಿನ ತಳದ ಬುಷ್, ಕಪ್ಲರ್, ಮುಚ್ಚಳದ ರಬ್ಬರ್, ಬ್ಲೇಡಿನ ಹರಿತ ಇವು ಬಳಕೆಯಿಂದ ಸವೆಯುವವೆಂಬ ಕಾರಣಕ್ಕೆ ಸಾಮಾನ್ಯವಾಗಿ ಹೊರಗುಳಿಯುತ್ತವೆ. ಮೋಟಾರಿನೊಳಗೆ ಸವೆಯುತ್ತ ಹೋಗುವ ಕಾರ್ಬನ್ ಬ್ರಷ್ ಮೋಟಾರಿನ ಭಾಗವೋ ಸವೆಯುವ ಭಾಗವೋ ಎಂಬುದನ್ನು ಕಾರ್ಡು ಸ್ಪಷ್ಟಪಡಿಸದಿದ್ದರೆ ಅಲ್ಲಿಯೂ ತಕರಾರು ಏಳುತ್ತದೆ. ಅಂಗಡಿಯವರು ಪ್ರಕಟಣೆ ಬರೆಯುವಾಗ ಈ ಎರಡು ಅವಧಿಗಳಲ್ಲಿ ದೊಡ್ಡದನ್ನು ಮಾತ್ರ ಎತ್ತಿ ಹೇಳುವುದು ರೂಢಿಯಾಗಿದ್ದು, ಕಾನೂನಿನ ತೊಡಕು ಇಲ್ಲಿಂದಲೇ ಆರಂಭವಾಗುತ್ತದೆ.

ಒಂದು ಕಲ್ಪಿತ ಪ್ರಸಂಗದಿಂದ ಇದನ್ನು ಬಿಡಿಸಿ ನೋಡಬಹುದು. ‘5 ವರ್ಷ ಸಂಪೂರ್ಣ ವಾರಂಟಿ’ ಎಂಬ ಪ್ರಕಟಣೆಯನ್ನು ನಂಬಿ ಗೃಹಿಣಿಯೊಬ್ಬರು 2023ರ ಜೂನ್ 10ರಂದು 4,500 ರೂಪಾಯಿಗೆ ಮಿಕ್ಸಿ ಕೊಂಡರೆಂದೂ, ಕಾರ್ಡಿನಲ್ಲಿ ಯಂತ್ರಕ್ಕೆ 2 ವರ್ಷ ಹಾಗೂ ಮೋಟಾರಿಗೆ 5 ವರ್ಷ ಎಂದಿತ್ತೆಂದೂ, 2025ರ ಆಗಸ್ಟ್‌ನಲ್ಲಿ ಯಂತ್ರ ನಿಂತುಹೋಯಿತೆಂದೂ ಭಾವಿಸಬೇಕು. ಹೊರೆ ಹೆಚ್ಚಾದಾಗ ತಾನಾಗಿ ವಿದ್ಯುತ್ತನ್ನು ಕಡಿಯುವ, ಯಂತ್ರದ ತಳಭಾಗದಲ್ಲಿರುವ ಓವರ್‌ಲೋಡ್ ಗುಂಡಿಯನ್ನು ಒತ್ತಿದರೂ ಅದು ಚಾಲೂ ಆಗದಿದ್ದಾಗ ಸರ್ವಿಸ್ ಸೆಂಟರಿಗೆ ಒಯ್ಯಲಾಗಿ, ಮೋಟಾರಿನ ಸುರುಳಿ ಸರಿಯಾಗಿದ್ದು ವೇಗ ಬದಲಿಸುವ ಸ್ವಿಚ್ ಸುಟ್ಟಿದೆಯೆಂದು ಅಲ್ಲಿ ತಿಳಿಸಿ ದುರಸ್ತಿಗೆ ಹಣ ಕೇಳುತ್ತಾರೆ. ಕಾರ್ಡಿನ ಮಟ್ಟಿಗೆ ತಯಾರಕನ ನಿಲುವು ಸರಿಯೇ, ಏಕೆಂದರೆ ಸ್ವಿಚ್ ಮೋಟಾರಿನ ಭಾಗವಲ್ಲ, ಮತ್ತು ಯಂತ್ರದ 2 ವರ್ಷ ಜೂನ್‌ನಲ್ಲೇ ತೀರಿದೆ.

ಆದರೆ ಅಂಗಡಿಯವನ ಸ್ಥಿತಿ ಬೇರೆ. ‘ಸಂಪೂರ್ಣ’ ಎಂಬ ಪದ ಕಾರ್ಡಿನಲ್ಲಿಲ್ಲ. ಅದು ಅವನದೇ ಮಾತು, ಹಾಗಾಗಿ ಅದಕ್ಕೆ ಉತ್ತರ ಹೇಳಬೇಕಾದವನೂ ಅವನೇ. ಗ್ರಾಹಕ ಸಂರಕ್ಷಣಾ ಕಾಯ್ದೆಯ 2ನೆಯ ಕಲಮು, ಮುಖ್ಯ ಅಂಶದಲ್ಲಿ ದಾರಿ ತಪ್ಪಿಸುವ ಅಥವಾ ನೆರವೇರುವ ಸಂಭವವೇ ಇಲ್ಲದ ವಾರಂಟಿಯನ್ನು ಸಾರ್ವಜನಿಕರಿಗೆ ನೀಡುವುದನ್ನು ‘ಅನುಚಿತ ವ್ಯಾಪಾರ ಪದ್ಧತಿ’ ಎಂದು ಕರೆಯುತ್ತದೆ, ಅಂದರೆ ಮೋಸದಿಂದ ಕೂಡಿದ ಮಾರಾಟ ವಿಧಾನ. ಸುಳ್ಳು ಗ್ಯಾರಂಟಿ ನೀಡುವ ಜಾಹೀರಾತು ಅದೇ ಕಲಮಿನಲ್ಲಿ ‘ದಾರಿತಪ್ಪಿಸುವ ಜಾಹೀರಾತು’ ಎಂಬ ವ್ಯಾಖ್ಯೆಯೊಳಗೂ ಬರುತ್ತದೆ. 21ನೆಯ ಕಲಮಿನಂತೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಅದಕ್ಕೆ 10 ಲಕ್ಷ ರೂಪಾಯಿಯವರೆಗೆ ದಂಡ ವಿಧಿಸಬಹುದು. ಮಾರಾಟಗಾರನಿಗೆ ಮೋಸದ ಉದ್ದೇಶ ಇರದೆ, ಕಂಪನಿಯ ಕರಪತ್ರದ ಸಾಲನ್ನು ಅವಸರದಲ್ಲಿ ಮೊಟಕುಗೊಳಿಸಿದ್ದರಿಂದಲೇ ಹೀಗಾಗಿರಬಹುದು. ಹಾಗಿದ್ದರೂ ಓದಿದವರ ಮನಸ್ಸಿನಲ್ಲಿ ಮೂಡಿದ ಅರ್ಥವೇ ಇಲ್ಲಿ ತೂಕ ಪಡೆಯುತ್ತದೆ.

ಸಣ್ಣ ಅಕ್ಷರದಲ್ಲಿ ‘ಷರತ್ತುಗಳು ಅನ್ವಯ’ ಎಂದು ಸೇರಿಸಿದರೆ ಹೊಣೆ ಕಳೆಯಿತೆಂಬ ನಂಬಿಕೆಯೂ ತಪ್ಪು. ಪ್ರಾಧಿಕಾರವು 2022ರ ಜೂನ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಗಳ ಪ್ರಕಾರ, ಜಾಹೀರಾತಿನ ಮುಖ್ಯ ಮಾತಿಗೆ ಮಿತಿ ಹಾಕುವ ಟಿಪ್ಪಣಿಯು ಆ ಮಾತು ಇರುವ ಭಾಷೆಯಲ್ಲೇ, ಅದೇ ಅಕ್ಷರಶೈಲಿಯಲ್ಲಿ ಇರಬೇಕು. ಅದು ಮುಖ್ಯ ಮಾತನ್ನು ವಿವರಿಸಬಹುದೇ ಹೊರತು ಅದಕ್ಕೆ ವಿರುದ್ಧವಾಗಿರಬಾರದು. ಕನ್ನಡದಲ್ಲಿ ವಾರಂಟಿಯನ್ನು ಸಾರಿ ಇಂಗ್ಲಿಷಿನಲ್ಲಿ ಮಿತಿಗಳನ್ನು ಮುದ್ರಿಸುವ ಪ್ರಕಟಣೆ ಈ ನಿಯಮದ ಮುಂದೆ ನಿಲ್ಲಲಾರದು.

ಹಾಗಾದರೆ ಅದೇ ಮಿಕ್ಸಿಯ ಪ್ರಕಟಣೆಯನ್ನು ಹೀಗೆ ಬರೆಯಬಹುದು: ‘ಬಿಲ್ಲಿನ ದಿನಾಂಕದಿಂದ ಯಂತ್ರಕ್ಕೆ 2 ವರ್ಷ, ಮೋಟಾರಿಗೆ 5 ವರ್ಷ ತಯಾರಕರ ವಾರಂಟಿ. ಮೂರನೆಯ ವರ್ಷದಿಂದ ಮೋಟಾರಿನ ದೋಷ ಮಾತ್ರ ಉಚಿತವಾಗಿ ದುರಸ್ತಿಯಾಗುತ್ತದೆ. ಬುಷ್, ಕಪ್ಲರ್, ರಬ್ಬರ್ ಸವೆತ ಸೇರುವುದಿಲ್ಲ. ಹೋಟೆಲು ಬಳಕೆಗೆ ವಾರಂಟಿ ಇಲ್ಲ. ಯಂತ್ರವನ್ನು ಸರ್ವಿಸ್ ಸೆಂಟರಿಗೆ ಗ್ರಾಹಕರೇ ತರಬೇಕು. ಬಿಲ್ಲು ಮತ್ತು ಕಾರ್ಡು ಜೊತೆಗಿರಲಿ.’ ಇವೆಲ್ಲವೂ ಆಯಾ ಕಾರ್ಡಿನಲ್ಲಿ ಇದ್ದಂತೆಯೇ ಬರಬೇಕು, ಒಂದು ಮಾದರಿಯ ಸಾಲನ್ನು ಇನ್ನೊಂದಕ್ಕೆ ಅಂಟಿಸುವಂತಿಲ್ಲ. ಹೀಗೆ ಬರೆದರೆ ಗಿರಾಕಿ ಹಿಂಜರಿಯುತ್ತಾನೆಂಬ ಆತಂಕ ಸಹಜವೇ ಆದರೂ, ಯಾವುದಕ್ಕೆ ಹಣ ಕೊಡಬೇಕಾಗುತ್ತದೆ ಎಂಬುದನ್ನು ಮೊದಲೇ ತಿಳಿದು ಕೊಂಡವನು ಮೂರನೆಯ ವರ್ಷದಲ್ಲಿ ಅಂಗಡಿಯ ಮೇಲೆ ಮುನಿಯುವುದಿಲ್ಲ, ಮತ್ತು ಆ ನೆಮ್ಮದಿ ಖರೀದಿಯ ದಿನವೇ ಅವನಿಗೆ ಸಿಗುತ್ತದೆ.

‘ಮಾರಿದ ಸರಕನ್ನು ವಾಪಸು ತೆಗೆದುಕೊಳ್ಳುವುದಿಲ್ಲ’ ಎಂಬ ಸಾಲನ್ನು ಮಾತ್ರ ಪ್ರಕಟಣೆಯಿಂದಲೂ ಬಿಲ್ಲಿನಿಂದಲೂ ತೆಗೆದುಹಾಕುವುದು ಒಳಿತು. ದೋಷವುಳ್ಳ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ನಮೂದಾಗಿಲ್ಲದಿದ್ದರೆ 30 ದಿನಗಳೊಳಗೆ, ಹಿಂಪಡೆದು ಹಣ ಮರಳಿಸಲು ನಿರಾಕರಿಸುವುದು 2019ರ ಕಾಯ್ದೆಯಲ್ಲಿ ಅನುಚಿತ ವ್ಯಾಪಾರ ಪದ್ಧತಿಯಾಗಿದೆ. ಬಿಲ್ಲು ಕೊಡದಿರುವುದೂ ಅದೇ ಪಟ್ಟಿಯಲ್ಲಿದೆ.

ಕೊಳ್ಳುವವರ ಕಡೆಯಿಂದ ಮಾಡಬೇಕಾದದ್ದು ಹೆಚ್ಚೇನಿಲ್ಲ. ಖರೀದಿಯ ದಿನವೇ ಪ್ರಕಟಣೆಯ ಚಿತ್ರವನ್ನು ದಿನಾಂಕ ಕಾಣುವಂತೆ ಉಳಿಸಿಟ್ಟುಕೊಳ್ಳಬೇಕು, ಏಕೆಂದರೆ ತಕರಾರು ಎದ್ದಾಗ ಅಂಗಡಿಯವರು ಪ್ರಕಟಣೆಯನ್ನು ಅಳಿಸಿಹಾಕುವುದು ಸುಲಭ. ಯಂತ್ರ ಕೆಟ್ಟಾಗ ಸರ್ವಿಸ್ ಸೆಂಟರಿನಿಂದ ದೋಷದ ವಿವರವುಳ್ಳ ಚೀಟಿ ಪಡೆಯದೆ ಹಿಂತಿರುಗಬಾರದು. ಮೇಲಿನ ಪ್ರಸಂಗದಲ್ಲಿ ಕೆಟ್ಟದ್ದು ಸ್ವಿಚ್ಚೋ ಮೋಟಾರೋ ಎಂಬುದರ ಮೇಲೆಯೇ ತಯಾರಕನ ಹೊಣೆ ನಿಂತಿದೆ. ಅಂಗಡಿಗೂ ಕಂಪನಿಗೂ ಲಿಖಿತವಾಗಿ ತಿಳಿಸಿದ ಮೇಲೂ ಫಲ ಸಿಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ನೀಡಬಹುದು. ಸಹಾಯವಾಣಿಯು ಸಂಧಾನಕ್ಕೆ ಯತ್ನಿಸುತ್ತದೆಯೇ ಹೊರತು ಆದೇಶ ನೀಡುವುದಿಲ್ಲ. ಆದೇಶಕ್ಕಾಗಿ ಗ್ರಾಹಕರು ತಾವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲಿ, ವ್ಯಾಜ್ಯದ ಕಾರಣ ಹುಟ್ಟಿದ ದಿನದಿಂದ 2 ವರ್ಷದೊಳಗೆ ದೂರು ಸಲ್ಲಿಸಬೇಕು. ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ, ವಕೀಲರನ್ನು ನೇಮಿಸಿಕೊಳ್ಳಲೇಬೇಕೆಂಬ ನಿಯಮವೂ ಇಲ್ಲ. ದೂರಿನಲ್ಲಿ ಅಂಗಡಿ ಮತ್ತು ತಯಾರಕ ಇಬ್ಬರನ್ನೂ ಎದುರುಪಕ್ಷದವರನ್ನಾಗಿ ಹೆಸರಿಸಿ, ಕಾರ್ಡು ಹೇಳುವುದನ್ನೂ ಪ್ರಕಟಣೆ ಹೇಳಿದ್ದನ್ನೂ ಅಕ್ಕಪಕ್ಕ ಇರಿಸಿ ತೋರಿಸಿದರೆ, ಯಾರ ಮಾತು ಎಲ್ಲಿ ಮುಗಿದು ಯಾರ ಮಾತು ಎಲ್ಲಿ ಮೊದಲಾಯಿತು ಎಂಬುದನ್ನು ತೀರ್ಮಾನಿಸಲು ಆಯೋಗಕ್ಕೆ ಬೇಕಾದ ಆಧಾರ ಸಿಗುತ್ತದೆ.