ಖರೀದಿ ಪ್ರತಿಫಲ ಯಾರ ಕೈಗೆ ಹೋಗುತ್ತದೆ?

ಪ್ರಶ್ನೆ: ಪರೀಕ್ಷೆಯಲ್ಲಿ ಒಂದು ಕಂಪನಿ ಇನ್ನೊಂದರಲ್ಲಿ ವಿಲೀನವಾಗುವ ಲೆಕ್ಕ ಬಂದಿತ್ತು. ಮಾರುವ ಕಂಪನಿಗೆ ₹10 ಮುಖಬೆಲೆಯ 4 ಲಕ್ಷ ಷೇರುಗಳಿವೆ. ಅದರ ಪ್ರತಿ 4 ಷೇರಿಗೆ ಕೊಳ್ಳುವ ಕಂಪನಿಯ 3 ಷೇರು, ಜೊತೆಗೆ ಪ್ರತಿ ಷೇರಿಗೆ ₹2 ನಗದು. ಕೊಳ್ಳುವ ಕಂಪನಿಯ ಷೇರಿನ ಮುಖಬೆಲೆ ₹10, ನ್ಯಾಯಬೆಲೆ ₹20. ₹15 ಲಕ್ಷದ ಡಿಬೆಂಚರ್‌ಗಳನ್ನು ಶೇ. 10 ಪ್ರೀಮಿಯಂ ಸೇರಿಸಿ ತೀರಿಸಬೇಕು. ನಾನು ಪ್ರತಿಫಲ ₹84.5 ಲಕ್ಷ, ಗುಡ್‌ವಿಲ್ ₹8 ಲಕ್ಷ ಎಂದು ಬರೆದೆ. ಗುಡ್‌ವಿಲ್ ಸರಿಯಿದ್ದರೂ ಮೇಷ್ಟ್ರು ಅರ್ಧ ಅಂಕ ಕಳೆದಿದ್ದಾರೆ. ಏಕೆ?
– ಬಿ.ಕಾಂ. ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ನಿಮ್ಮ ಮೇಷ್ಟ್ರು ಅಂಕ ಕಳೆದದ್ದು ಸರಿಯಾಗಿಯೇ ಇದೆ. ಎ.ಎಸ್. 14 ಲೆಕ್ಕ ಮಾನದಂಡದ ಪ್ರಕಾರ, ಮಾರುವ ಕಂಪನಿಯ ಷೇರುದಾರರ ಕೈಗೆ ಹೋಗುವುದಷ್ಟೇ ಖರೀದಿ ಪ್ರತಿಫಲ. ಅದು ಷೇರಾಗಿರಲಿ, ನಗದಾಗಿರಲಿ, ಬೇರೆ ಆಸ್ತಿಯಾಗಿರಲಿ, ಪಡೆಯುವವರು ಷೇರುದಾರರೇ ಆಗಿರಬೇಕು. ಡಿಬೆಂಚರುದಾರರು ಕಂಪನಿಗೆ ಸಾಲ ಕೊಟ್ಟವರು. ಅವರಿಗೆ ಸಲ್ಲುವ ₹16.5 ಲಕ್ಷ, ಕೊಳ್ಳುವ ಕಂಪನಿ ತನ್ನ ಮೇಲೆ ಹೊತ್ತುಕೊಂಡ ಸಾಲ.

ಪ್ರತಿಫಲದ ಲೆಕ್ಕ ಹೀಗೆ. 4 ಲಕ್ಷ ಷೇರಿಗೆ ಬದಲಾಗಿ 3 ಲಕ್ಷ ಷೇರು, ತಲಾ ₹20ರಂತೆ ₹60 ಲಕ್ಷ. ನಗದು, 4 ಲಕ್ಷ ಷೇರಿಗೆ ತಲಾ ₹2ರಂತೆ ₹8 ಲಕ್ಷ. ಒಟ್ಟು ₹68 ಲಕ್ಷ.

ಇನ್ನು ಕೈಗೆ ಬಂದದ್ದೇನು? ನೀವು ಕಳಿಸಿದ ಪ್ರಶ್ನೆಪತ್ರಿಕೆಯಂತೆ, ಕೊಳ್ಳುವ ಕಂಪನಿ ಒಪ್ಪಿಕೊಂಡ ಬೆಲೆಯಲ್ಲಿ ಜಮೀನು-ಕಟ್ಟಡ ₹38 ಲಕ್ಷ, ಯಂತ್ರ ₹21 ಲಕ್ಷ, ದಾಸ್ತಾನು ₹13 ಲಕ್ಷ, ಗ್ರಾಹಕರಿಂದ ಬರಬೇಕಾದ ಬಾಕಿ ₹10.5 ಲಕ್ಷ, ಬ್ಯಾಂಕಿನಲ್ಲಿ ₹4 ಲಕ್ಷ. ಒಟ್ಟು ₹86.5 ಲಕ್ಷ. ಇದರಲ್ಲಿ ಸರಕು ಕೊಟ್ಟವರ ಬಾಕಿ ₹10 ಲಕ್ಷ, ಡಿಬೆಂಚರ್ ₹16.5 ಲಕ್ಷ ಕಳೆದರೆ ನಿವ್ವಳ ಆಸ್ತಿ ₹60 ಲಕ್ಷ. ಕೊಟ್ಟದ್ದು 68, ಬಂದದ್ದು 60. ನಡುವಿನ ₹8 ಲಕ್ಷವೇ ಗುಡ್‌ವಿಲ್.

ನಿಮಗೂ 8 ಬಂದದ್ದು ಹೇಗೆ ಗೊತ್ತೇ? ನೀವು ಡಿಬೆಂಚರನ್ನು ಪ್ರತಿಫಲಕ್ಕೆ ಸೇರಿಸಿದಿರಿ, ಆದರೆ ಆಸ್ತಿಯಿಂದ ಕಳೆಯಲಿಲ್ಲ. 84.5ರಲ್ಲಿ 76.5 ಕಳೆದಿರಿ. ಒಂದೇ ಮೊತ್ತ ಎರಡೂ ಕಡೆ ಏರಿದ್ದರಿಂದ ವ್ಯತ್ಯಾಸ ಬದಲಾಗಲಿಲ್ಲ. ಒಂದು ವೇಳೆ ಡಿಬೆಂಚರನ್ನು ಪ್ರತಿಫಲಕ್ಕೂ ಸೇರಿಸಿ, ಆಸ್ತಿಯಿಂದಲೂ ಕಳೆದಿದ್ದರೆ ಗುಡ್‌ವಿಲ್ ₹24.5 ಲಕ್ಷಕ್ಕೆ ಏರುತ್ತಿತ್ತು. ಪರೀಕ್ಷೆ ಬರೆಯುವವರಲ್ಲಿ ಇವೆರಡೂ ತಪ್ಪು ಸಾಮಾನ್ಯ. ಎರಡನೆಯದು ಗುಡ್‌ವಿಲ್ ಅತಿಯಾಗಿ ಉಬ್ಬಿದಾಗ ತಾನಾಗಿಯೇ ಸಿಕ್ಕಿಬೀಳುತ್ತದೆ. ನಿಮ್ಮ ಬಗೆಯ ತಪ್ಪು ಕೊಳ್ಳುವ ಕಂಪನಿಯ ಪುಸ್ತಕದಲ್ಲಿ ಕಾಣಿಸುವುದೇ ಇಲ್ಲ.

ಅದು ಕಾಣುವುದು ಮಾರುವ ಕಂಪನಿಯ ಪುಸ್ತಕದಲ್ಲಿ. ಅಲ್ಲಿ ಷೇರು ಬಂಡವಾಳ ₹40 ಲಕ್ಷ, ಸಾಮಾನ್ಯ ಮೀಸಲು ₹12 ಲಕ್ಷ, ಶಾಸನಬದ್ಧ ಮೀಸಲು ₹3 ಲಕ್ಷ, ಲಾಭ-ನಷ್ಟ ಖಾತೆಯ ಶಿಲ್ಕು ₹5 ಲಕ್ಷ. ಇದರಲ್ಲಿ ಪ್ರಾರಂಭಿಕ ವೆಚ್ಚ ₹1 ಲಕ್ಷ ಕಳೆದರೆ ₹59 ಲಕ್ಷ. ರಿಯಲೈಸೇಶನ್ ಖಾತೆಗೆ ₹84 ಲಕ್ಷದ ಆಸ್ತಿ, ₹25 ಲಕ್ಷದ ಸಾಲ ವರ್ಗವಾಗಿ, ₹68 ಲಕ್ಷ ಪ್ರತಿಫಲ ಜಮೆಯಾದರೆ ಲಾಭ ₹9 ಲಕ್ಷ. 59ಕ್ಕೆ 9 ಸೇರಿ 68. ಷೇರುದಾರರಿಗೆ ಸಲ್ಲಬೇಕಾದದ್ದೂ ಅವರಿಗೆ ಸಂದದ್ದೂ ಒಂದೇ, ಖಾತೆ ಸೊನ್ನೆಗೆ ಮುಗಿಯುತ್ತದೆ. ಇಲ್ಲಿ 84.5 ಹಾಕಿ ನೋಡಿ, ₹16.5 ಲಕ್ಷ ಯಾರಿಗೂ ಸೇರದೆ ಉಳಿಯುತ್ತದೆ. ಆದ್ದರಿಂದ ಗುಡ್‌ವಿಲ್ ಹೊಂದಿತೆಂದು ಪೆನ್ನು ಕೆಳಗಿಡಬೇಡಿ, ಷೇರುದಾರರ ಖಾತೆ ಮುಗಿಯಿತೇ ಎಂದು ನೋಡಿ.

ಇದನ್ನು ಖರೀದಿ ವಿಧಾನದಲ್ಲೇ ಮಾಡಬೇಕೇ ಎಂದೂ ಕೇಳಿದ್ದೀರಿ. ಹೌದು. ವಿಲೀನ ಸ್ವರೂಪದ ಸಂಯೋಜನೆ ಎನ್ನಿಸಿಕೊಳ್ಳಲು ಐದು ಷರತ್ತುಗಳಿವೆ, ಐದೂ ಈಡೇರಬೇಕು. ತುಂಡು ಷೇರಿನ ಲೆಕ್ಕಕ್ಕೆ ಬಿಟ್ಟು ಈಕ್ವಿಟಿ ಷೇರುದಾರರಿಗೆ ನಗದು ಕೊಡುವಂತಿಲ್ಲ. ಲೆಕ್ಕಪದ್ಧತಿ ಹೊಂದಿಸುವುದಕ್ಕಲ್ಲದೆ ಆಸ್ತಿಗಳ ಪುಸ್ತಕ ಬೆಲೆ ಬದಲಿಸುವಂತಿಲ್ಲ. ನಿಮ್ಮ ಲೆಕ್ಕದಲ್ಲಿ ಇವೆರಡೂ ಮುರಿದಿವೆ.

ಪ್ರಶ್ನೆ: ನಮ್ಮ ಕಚೇರಿಯಲ್ಲಿ ಹಿರಿಯರೊಬ್ಬರು, ಕೊಡುವ ಷೇರನ್ನು ಮುಖಬೆಲೆಯಲ್ಲೇ ಹಿಡಿದರೆ ಸಾಕು ಎನ್ನುತ್ತಾರೆ. ಷೇರಿನ ಸಂಖ್ಯೆ ಬದಲಾಗುವುದಿಲ್ಲವಲ್ಲ, ವ್ಯತ್ಯಾಸವೇನು?
– ಲೆಕ್ಕಪತ್ರ ಸಹಾಯಕ, ಹುಬ್ಬಳ್ಳಿ

ಉತ್ತರ: ಮೇಲಿನ ಲೆಕ್ಕವನ್ನೇ ತೆಗೆದುಕೊಳ್ಳಿ. 3 ಲಕ್ಷ ಷೇರನ್ನು ₹10ರಂತೆ ಹಿಡಿದರೆ ₹30 ಲಕ್ಷ, ನಗದು ₹8 ಲಕ್ಷ, ಪ್ರತಿಫಲ ₹38 ಲಕ್ಷ. ನಿವ್ವಳ ಆಸ್ತಿ ₹60 ಲಕ್ಷವೇ. ಈಗ ಗುಡ್‌ವಿಲ್ ಮಾಯ, ಬದಲಿಗೆ ₹22 ಲಕ್ಷ ಬಂಡವಾಳ ಮೀಸಲು! ಅದೇ ವ್ಯವಹಾರ, ಅದೇ ಷೇರು. ಆದರೂ ಹೆಚ್ಚು ಬೆಲೆ ತೆತ್ತ ಕಂಪನಿ ಅಗ್ಗಕ್ಕೆ ಕೊಂಡಂತೆ ಕಾಣುತ್ತದೆ. ಇದು ಸಣ್ಣ ವಿಷಯವಲ್ಲ. ಪ್ರತಿಫಲದ ಭಾಗಗಳನ್ನು ನ್ಯಾಯಬೆಲೆಗೆ ಹಿಡಿಯಬೇಕೆಂದೇ ಮಾನದಂಡ ಹೇಳುತ್ತದೆ. ಮುಖಬೆಲೆಗಿಂತ ಹೆಚ್ಚಿನ ₹30 ಲಕ್ಷ ಷೇರು ಪ್ರೀಮಿಯಂ ಖಾತೆಗೆ ಹೋಗುತ್ತದೆ.

ಷೇರುಪೇಟೆಯಲ್ಲಿರುವ ಕಂಪನಿಯಾದರೆ ಬೆಲೆ ಕಣ್ಣೆದುರಿಗೇ ಇರುತ್ತದೆ, ಆದರೆ ಯಾವ ದಿನದ್ದು ಎಂಬುದು ಮುಖ್ಯವಾಗುತ್ತದೆ. ಹಾರ್ಲಿಕ್ಸ್ ತಯಾರಿಸುತ್ತಿದ್ದ ಜಿಎಸ್‌ಕೆ ಕನ್ಸ್ಯೂಮರ್ ಹೆಲ್ತ್‌ಕೇರ್ ಹಿಂದುಸ್ತಾನ್ ಯೂನಿಲಿವರ್‌ನಲ್ಲಿ ವಿಲೀನವಾದದ್ದನ್ನು ನೋಡಿ. 2018ರ ಡಿಸೆಂಬರ್‌ನಲ್ಲಿ ಘೋಷಣೆಯಾದಾಗ ವಿನಿಮಯ ಪ್ರಮಾಣ, ಜಿಎಸ್‌ಕೆಯ ಪ್ರತಿ ಷೇರಿಗೆ ಯೂನಿಲಿವರ್‌ನ 4.39 ಷೇರು. ಆಗಿನ ಲೆಕ್ಕದಲ್ಲಿ ವ್ಯವಹಾರದ ಮೌಲ್ಯ ₹31,700 ಕೋಟಿ. 2020ರ ಏಪ್ರಿಲ್ 1ರಂದು ವಿಲೀನ ಪೂರ್ಣಗೊಂಡಾಗ ಪ್ರಮಾಣ ಅದೇ ಇತ್ತು, ಆದರೆ ಷೇರಿನ ಬೆಲೆ ಏರಿದ್ದರಿಂದ ಪ್ರತಿಫಲ ₹40,000 ಕೋಟಿ ದಾಟಿತ್ತು. ಇಂಥ ದೊಡ್ಡ ಕಂಪನಿಗಳಿಗೆ ಅನ್ವಯಿಸುವ ಇಂಡ್ ಎಎಸ್ 103ರ ಪ್ರಕಾರ, ಹತೋಟಿ ಕೈಗೆ ಬಂದ ದಿನದ ಬೆಲೆಯೇ ಲೆಕ್ಕಕ್ಕೆ.

ಪೇಟೆಯಲ್ಲಿಲ್ಲದ ಕಂಪನಿಗಳ ಷೇರಿಗೆ ಮೌಲ್ಯಮಾಪಕರ ವರದಿಯೇ ಆಧಾರ. ಆ ವರದಿ ಕೈಗೆ ಬಂದಾಗ ₹20 ಹೇಗೆ ಬಂತು ಎಂಬ ಪುಟವನ್ನು ನಿಮ್ಮ ಹಿರಿಯರ ಜೊತೆಗೇ ಕುಳಿತು ಓದಿ. ಗುಡ್‌ವಿಲ್‌ನ ಹುಟ್ಟು ಆ ಪುಟದಲ್ಲಿದೆ.

ಪ್ರಶ್ನೆ: ಮಾರುವ ಕಂಪನಿಯ ಸಮಾಪನ ವೆಚ್ಚವನ್ನು ಕೊಳ್ಳುವ ಕಂಪನಿಯೇ ಕೊಟ್ಟರೆ ಅದು ಪ್ರತಿಫಲವೇ? ಶಾಸನಬದ್ಧ ಮೀಸಲು ಏನಾಗುತ್ತದೆ? ಗುಡ್‌ವಿಲ್ ಎಷ್ಟು ವರ್ಷ ಇರುತ್ತದೆ?
– ಸಿಎ ಇಂಟರ್ ವಿದ್ಯಾರ್ಥಿ, ಮಂಗಳೂರು

ಉತ್ತರ: ಸಮಾಪನ ವೆಚ್ಚ ಷೇರುದಾರರಿಗೆ ಹೋಗುವ ಹಣವಲ್ಲ, ಹಾಗಾಗಿ ಪ್ರತಿಫಲಕ್ಕೆ ಸೇರದು. ಎ.ಎಸ್. 14ರ ರೂಢಿಯಂತೆ ಅದನ್ನು ಗುಡ್‌ವಿಲ್‌ಗೆ ಖರ್ಚು ಹಾಕುತ್ತಾರೆ. ಮೇಲಿನ ಲೆಕ್ಕದಲ್ಲಿ ₹50,000 ಕೊಟ್ಟಿದ್ದರೆ ಗುಡ್‌ವಿಲ್ ₹8.5 ಲಕ್ಷ, ಪ್ರತಿಫಲ ಮಾತ್ರ 68ರಲ್ಲೇ ನಿಲ್ಲುತ್ತದೆ. ಇಂಡ್ ಎಎಸ್ 103ರಲ್ಲಿ ಸ್ವಾಧೀನಕ್ಕೆ ಸಂಬಂಧಿಸಿದ ವೆಚ್ಚವನ್ನು ಗುಡ್‌ವಿಲ್‌ಗೆ ಸೇರಿಸುವಂತಿಲ್ಲ, ಆ ವರ್ಷದ ಖರ್ಚಾಗಿ ಬರೆಯಬೇಕು.

ಖರೀದಿ ವಿಧಾನದಲ್ಲಿ ಮಾರುವ ಕಂಪನಿಯ ಸಾಮಾನ್ಯ ಮೀಸಲು, ಲಾಭದ ಶಿಲ್ಕು ಮುಂದುವರಿಯುವುದಿಲ್ಲ. ಕಾನೂನಿಗಾಗಿ ಉಳಿಸಲೇಬೇಕಾದ ₹3 ಲಕ್ಷವನ್ನು ಮಾತ್ರ ತಂದು, ಎದುರಿಗೆ ಅಷ್ಟೇ ಮೊತ್ತವನ್ನು ಸಂಯೋಜನಾ ಹೊಂದಾಣಿಕೆ ಮೀಸಲು ಖಾತೆಗೆ ಖರ್ಚು ಹಾಕಬೇಕು. ಇದರಿಂದ ಗುಡ್‌ವಿಲ್ ಒಂದು ಪೈಸೆಯೂ ಬದಲಾಗದು.

ಎ.ಎಸ್. 14ರಲ್ಲಿ ಹೆಚ್ಚು ಅವಧಿಗೆ ಸಮರ್ಥನೆ ಇಲ್ಲದಿದ್ದರೆ 5 ವರ್ಷದೊಳಗೆ ಗುಡ್‌ವಿಲ್ ತೀರಿಸಬೇಕು. ₹8.5 ಲಕ್ಷಕ್ಕೆ ವರ್ಷಕ್ಕೆ ₹1.7 ಲಕ್ಷ ಲಾಭ-ನಷ್ಟ ಖಾತೆಗೆ. ಇಂಡ್ ಎಎಸ್‌ನಲ್ಲಿ ಹೀಗೆ ತೀರಿಸುವುದಿಲ್ಲ, ಮೌಲ್ಯ ಕುಸಿದಿದೆಯೇ ಎಂದು ವರ್ಷಕ್ಕೊಮ್ಮೆಯಾದರೂ ಪರೀಕ್ಷಿಸಬೇಕು. ಆದಾಯ ತೆರಿಗೆಯಲ್ಲಿ ಗುಡ್‌ವಿಲ್‌ಗೆ ಸವಕಳಿ ಸಿಗುತ್ತಿದ್ದ ಕಾಲ 2021ರ ಹಣಕಾಸು ಕಾಯ್ದೆಯೊಂದಿಗೆ ಮುಗಿಯಿತು. ಆದ್ದರಿಂದ ಪುಸ್ತಕದ ಲಾಭದಿಂದ ತೆರಿಗೆಯ ಲಾಭಕ್ಕೆ ಬರುವಾಗ ಆ ₹1.7 ಲಕ್ಷವನ್ನು ಮರಳಿ ಸೇರಿಸಬೇಕು.