ಅಪರೂಪದ ಮಾದರಿಗೆ ಮೂರು ಸಂಖ್ಯೆಗಳ ಪರೀಕ್ಷೆ

2024ರ ಜೂನ್ 4ರಂದು ಲೋಕಸಭೆ ಚುನಾವಣೆಯ ಮತ ಎಣಿಕೆ ನಡೆದು ಷೇರುಪೇಟೆ ಕುಸಿಯಿತಲ್ಲ, ಅಂದು ಸಂಜೆ ನನ್ನ ಅಕ್ಕನ ಮಗ ಫೋನ್ ಮಾಡಿದ. 'ಮಾವ, ನಿಫ್ಟಿಯಲ್ಲಿ ಐಲ್ಯಾಂಡ್ ರಿವರ್ಸಲ್ ಆಗಿದೆಯಂತೆ. ವರ್ಷಗಳಿಗೊಮ್ಮೆ ಬರುವ ಮಾದರಿಯಂತೆ. ಇರುವುದನ್ನೆಲ್ಲ ನಾಳೆಯೇ ಮಾರಿಬಿಡಲಾ?' ಎಂದ. ನಾನು ಅವನಿಗೆ ಮೂರು ಸಂಖ್ಯೆಗಳನ್ನು ಬರೆದುಕೊಳ್ಳಲು ಹೇಳಿದೆ. ಚಾರ್ಟ್ ನೋಡಿ ದುಡ್ಡು ಹಾಕುವವರಿಗೆಲ್ಲ ಆ ಮೂರು ಸಂಖ್ಯೆಗಳು ಬೇಕಾಗುತ್ತವೆ.

ಬೆಲೆಯ ದಿಕ್ಕು ತಿರುಗುವುದನ್ನು ಸೂಚಿಸುತ್ತವೆ ಎನ್ನಲಾಗುವ ಮಾದರಿಗಳಲ್ಲಿ ಡೈಮಂಡ್, ಬ್ರಾಡನಿಂಗ್ ಮತ್ತು ಐಲ್ಯಾಂಡ್ ಮೂರೂ ಅಪರೂಪದವು. ರಾಬರ್ಟ್ ಎಡ್ವರ್ಡ್ಸ್ ಮತ್ತು ಜಾನ್ ಮ್ಯಾಗೀ 1948ರಲ್ಲಿ ಹೊರತಂದ ಪುಸ್ತಕದಲ್ಲಿಯೇ ಈ ಮೂರೂ ಇವೆ. ಆದರೆ ಇವುಗಳಲ್ಲಿ ಒಂದು ಮುಖ್ಯ ವ್ಯತ್ಯಾಸವಿದೆ. ಡೈಮಂಡ್ ಮತ್ತು ಬ್ರಾಡನಿಂಗ್ ಇವೆಯೋ ಇಲ್ಲವೋ ಎನ್ನುವುದು ನಾವು ಗೆರೆ ಎಳೆಯುವ ಬಗೆಯನ್ನು ಅವಲಂಬಿಸಿದೆ. ಐಲ್ಯಾಂಡ್‌ಗೆ ಗೆರೆಯೇ ಬೇಡ, ಬೆಲೆಗಳನ್ನು ಹೋಲಿಸಿದರೆ ಸಾಕು. ಹಾಗಾಗಿ ಅಪರೂಪದ ಮಾದರಿಯನ್ನು ಅಳೆಯುವುದು ಹೇಗೆಂದು ಕಲಿಯಬೇಕಾದವರು ಐಲ್ಯಾಂಡ್‌ನಿಂದ ಶುರುಮಾಡಬೇಕು.

ಏರುತ್ತಿರುವ ಬೆಲೆ ಒಂದು ದಿನ ಗ್ಯಾಪ್ ಬಿಟ್ಟು ಮೇಲೆ ಹಾರುತ್ತದೆ. ಒಂದು ದಿನವೋ ಕೆಲವು ದಿನಗಳೋ ಅಲ್ಲೇ ಮೇಲೆ ವಹಿವಾಟಾಗಿ, ಮತ್ತೆ ಗ್ಯಾಪ್ ಬಿಟ್ಟು ಕೆಳಗಿಳಿಯುತ್ತದೆ. ಮೇಲಿದ್ದ ಆ ದಿನಗಳ ಕ್ಯಾಂಡಲ್‌ಗಳಿಗೂ ಉಳಿದ ಚಾರ್ಟ್‌ಗೂ ಸಂಪರ್ಕವೇ ಇರುವುದಿಲ್ಲ. ಇದನ್ನು ಪರೀಕ್ಷಿಸಲು ಮೂರು ಸಂಖ್ಯೆಗಳು ಬೇಕು: ಹಾರುವ ಹಿಂದಿನ ದಿನದ ಗರಿಷ್ಠ ಬೆಲೆ, ಮೇಲಿದ್ದ ದಿನಗಳಲ್ಲಿ ಮುಟ್ಟಿದ ಅತಿ ಕನಿಷ್ಠ ಬೆಲೆ, ಇಳಿದ ದಿನದ ಗರಿಷ್ಠ ಬೆಲೆ. ನಡುವಿನ ಸಂಖ್ಯೆ ಉಳಿದೆರಡಕ್ಕಿಂತಲೂ ದೊಡ್ಡದಾಗಿದ್ದರೆ ಅದು ಐಲ್ಯಾಂಡ್, ಇಲ್ಲದಿದ್ದರೆ ಅಲ್ಲ. ತಳದಲ್ಲಿ ಆಗುವ ಐಲ್ಯಾಂಡ್‌ಗೆ ಇದನ್ನೇ ತಿರುಗಿಸಿ ನೋಡಬೇಕು.

ಈಗ ಜೂನ್ 4ನ್ನೇ ನೋಡೋಣ. ಮೇ 31ರ ಶುಕ್ರವಾರ ನಿಫ್ಟಿಯ ಗರಿಷ್ಠ ಸುಮಾರು 22,654. ವಾರಾಂತ್ಯದಲ್ಲಿ ಮತಗಟ್ಟೆ ಸಮೀಕ್ಷೆಗಳು ಬಂದವು. ಜೂನ್ 3ರ ಸೋಮವಾರ ಸೂಚ್ಯಂಕ ಭಾರಿ ಏರಿಕೆಯೊಂದಿಗೇ ತೆರೆದು, ದಿನವಿಡೀ 23,062 ಮತ್ತು 23,338ರ ನಡುವೆ ಓಡಾಡಿತು. ನಾನೂರು ಅಂಕಗಳ ಸ್ಪಷ್ಟ ಗ್ಯಾಪ್ ಇತ್ತು. ಜೂನ್ 4ರಂದು ಒಂದು ಹಂತದಲ್ಲಿ 21,281ರವರೆಗೆ ಬಿದ್ದು 21,884ರಲ್ಲಿ ಮುಗಿಯಿತು. ಆದರೆ ಅಂದು ಪೇಟೆ ತೆರೆದದ್ದು 23,179ರಲ್ಲಿ. ಅದು ಹಿಂದಿನ ದಿನದ ಕನಿಷ್ಠವಾದ 23,062ಕ್ಕಿಂತ ಮೇಲಿದೆ. ಅಂದರೆ ಎರಡನೆಯ ಗ್ಯಾಪ್ ಆಗಲೇ ಇಲ್ಲ. ಸೂಚ್ಯಂಕ ಸೋಮವಾರದ ವಲಯದೊಳಗೇ ತೆರೆದು, ಅದನ್ನು ದಾಟಿ, ಸೋಮವಾರದ ಗ್ಯಾಪನ್ನೂ ತುಂಬಿಕೊಂಡು ಕೆಳಗಿಳಿಯಿತು.

ಹಾಗಿದ್ದರೂ ಅನೇಕರಿಗೆ ಅಲ್ಲಿ ಐಲ್ಯಾಂಡ್ ಕಂಡದ್ದೇಕೆ? ಅವರು ನೋಡುತ್ತಿದ್ದದ್ದು ದಿನದ ಅಂತ್ಯದ ಬೆಲೆಗಳನ್ನು. 22,530, 23,263, 21,884 ಎಂಬ ಮೂರು ಬಿಂದುಗಳನ್ನು ಲೈನ್ ಚಾರ್ಟ್‌ನಲ್ಲಿ ಜೋಡಿಸಿದರೆ ಚೂಪಾದ ಶಿಖರವೊಂದು ಕಾಣುತ್ತದೆ. ಗ್ಯಾಪ್ ಅನ್ನುವುದು ಗರಿಷ್ಠ-ಕನಿಷ್ಠಗಳ ವಿಷಯ, ಲೈನ್ ಚಾರ್ಟ್‌ನಲ್ಲಿ ಅದು ಕಾಣುವುದೇ ಇಲ್ಲ. ಅಕ್ಕನ ಮಗನ ಮೂರು ಸಂಖ್ಯೆಗಳು ಪರೀಕ್ಷೆಯಲ್ಲಿ ಪಾಸಾಗಲಿಲ್ಲ, ಅವನು ಮಾರಲಿಲ್ಲ. ಜೂನ್ 7ರ ಶುಕ್ರವಾರ ನಿಫ್ಟಿ 23,290ರಲ್ಲಿ ಮುಗಿಯಿತು. ಜೂನ್ 4ರ ಅಂತ್ಯದ ಬೆಲೆಗೆ ಮಾರಿದವರಿಗೆ ಮೂರೇ ವಹಿವಾಟು ದಿನಗಳಲ್ಲಿ ಶೇ 6ಕ್ಕೂ ಹೆಚ್ಚಿನ ಏರಿಕೆ ಕೈತಪ್ಪಿತು. ನಿಜವಾದ ಐಲ್ಯಾಂಡ್ ಆಗಿದ್ದರೆ ಬೆಲೆ ಬಿದ್ದೇ ಬೀಳುತ್ತಿತ್ತು ಎಂದು ನಾನು ಹೇಳುತ್ತಿಲ್ಲ. ಇಲ್ಲದ ಕಾರಣಕ್ಕೆ ಮಾರಬಾರದು ಎಂದಷ್ಟೇ ಹೇಳುತ್ತಿದ್ದೇನೆ.

ಪರೀಕ್ಷೆಯಲ್ಲಿ ಪಾಸಾದ ಉದಾಹರಣೆಯೂ ಹತ್ತಿರದಲ್ಲೇ ಇದೆ. 2025ರ ಏಪ್ರಿಲ್ ಮೊದಲ ವಾರದಲ್ಲಿ ಅಮೆರಿಕದ ಸುಂಕ ಘೋಷಣೆಯಿಂದ ಜಗತ್ತಿನ ಪೇಟೆಗಳೆಲ್ಲ ಕುಸಿದವು. ಏಪ್ರಿಲ್ 4ರ ಶುಕ್ರವಾರ ನಿಫ್ಟಿಯ ಕನಿಷ್ಠ ಸುಮಾರು 22,857 ಇತ್ತು. ಏಪ್ರಿಲ್ 7ರ ಸೋಮವಾರ ಸೂಚ್ಯಂಕ ಬಹಳ ಕೆಳಗೆ ತೆರೆದು 21,743ರವರೆಗೆ ಇಳಿದು, ಅಂದಿನ ಗರಿಷ್ಠ 22,254ರಲ್ಲೇ ನಿಂತಿತು. ಮರುದಿನ ಮೇಲೆ ತೆರೆಯಿತು, ಆ ದಿನದ ಕನಿಷ್ಠ 22,270. ಸೋಮವಾರದ ಗರಿಷ್ಠ 22,254 ಉಳಿದೆರಡು ಸಂಖ್ಯೆಗಳಿಗಿಂತ ಚಿಕ್ಕದು. ಹದಿನಾರು ಹದಿನೇಳು ಅಂಕಗಳ ಅಂತರದಲ್ಲಾದರೂ ಇದು ಒಂದೇ ದಿನದ ಐಲ್ಯಾಂಡ್.

ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಮೊದಲನೆಯದು, ಏಪ್ರಿಲ್ 8ರ ಬೆಳಿಗ್ಗೆ ಇದನ್ನು ಐಲ್ಯಾಂಡ್ ಎಂದು ಯಾರೂ ಹೇಳುವಂತಿರಲಿಲ್ಲ. ಮೇಲೆ ತೆರೆದ ಸೂಚ್ಯಂಕ ದಿನದ ನಡುವೆ ಹದಿನೇಳು ಅಂಕ ಹೆಚ್ಚು ಇಳಿದಿದ್ದರೂ ಗ್ಯಾಪ್ ಮುಚ್ಚಿ ಮಾದರಿಯೇ ಇಲ್ಲವಾಗುತ್ತಿತ್ತು. ಮಧ್ಯಾಹ್ನ 3.30ಕ್ಕೆ ವಹಿವಾಟು ಮುಗಿದ ಮೇಲೆಯೇ ಮೂರನೆಯ ಸಂಖ್ಯೆ ಖಚಿತವಾಗುವುದು. ಬೆಳಿಗ್ಗೆ 9.20ಕ್ಕೆ ಯಾರಾದರೂ ಐಲ್ಯಾಂಡ್ ಆಗಿದೆ ಎಂದರೆ ಅದು ಊಹೆ. ಎರಡನೆಯದು, ಮುಂದಿನ ಏರಿಕೆಗೆ ಕಾರಣ ಚಾರ್ಟ್‌ನೊಳಗೆ ಇರಲಿಲ್ಲ. ಏಪ್ರಿಲ್ 9ರಂದು, ನಮ್ಮ ಪೇಟೆ ಮುಚ್ಚಿದ ಮೇಲೆ, ಅಮೆರಿಕ ಬಹುತೇಕ ದೇಶಗಳ ಮೇಲಿನ ಹೆಚ್ಚುವರಿ ಸುಂಕವನ್ನು 90 ದಿನ ತಡೆಹಿಡಿಯಿತು. ಏಪ್ರಿಲ್ 15ರಂದು ನಿಫ್ಟಿ 23,300 ದಾಟಿ ಮುಗಿಯಿತು. ಮಾರುವವರ ಆತುರ ಒಂದೇ ದಿನದಲ್ಲಿ ತೀರಿತ್ತು ಎಂಬುದನ್ನು ಐಲ್ಯಾಂಡ್ ತೋರಿಸಿತ್ತು. ಮುಂದೆ ಬರಲಿದ್ದ ಸುದ್ದಿ ಅದಕ್ಕೆ ತಿಳಿದಿರಲಿಲ್ಲ.

ಗ್ಯಾಪ್‌ಗಳಲ್ಲೇ ಕೆಲವು ಲೆಕ್ಕಕ್ಕೆ ಬಾರದವು. ಕಂಪನಿ ದೊಡ್ಡ ಡಿವಿಡೆಂಡ್ ಕೊಟ್ಟಾಗ ಎಕ್ಸ್-ಡೇಟ್ ದಿನ ಬೆಲೆ ತಾನಾಗಿಯೇ ಅಷ್ಟು ಕೆಳಗೆ ತೆರೆಯುತ್ತದೆ. ಬೋನಸ್, ಸ್ಪ್ಲಿಟ್‌ಗಳನ್ನು ಚಾರ್ಟ್‌ಗಳು ಸಾಮಾನ್ಯವಾಗಿ ಸರಿಹೊಂದಿಸುತ್ತವೆ, ಡಿವಿಡೆಂಡ್ ಮಾತ್ರ ಹಲವು ಕಡೆ ಹಾಗೆಯೇ ಉಳಿಯುತ್ತದೆ. ದಿನಕ್ಕೆ ಬೆರಳೆಣಿಕೆಯ ವಹಿವಾಟು ನಡೆಯುವ ಸಣ್ಣ ಷೇರುಗಳಲ್ಲಂತೂ ಗ್ಯಾಪ್ ದಿನನಿತ್ಯದ ಸಂಗತಿ. ಲೋವರ್ ಸರ್ಕ್ಯೂಟ್ ಮುಟ್ಟಿ ನಿಂತ ಷೇರಿನಲ್ಲಿ ಐಲ್ಯಾಂಡ್ ಕಂಡರೂ ಮಾರಲು ಹೊರಟವರಿಗೆ ಕೊಳ್ಳುವವರೇ ಸಿಗುವುದಿಲ್ಲ. ಇವುಗಳನ್ನೆಲ್ಲ ತೆಗೆದುಹಾಕಿದ ಮೇಲೆ ಉಳಿಯುವ ಐಲ್ಯಾಂಡ್‌ಗಳು ನಿಜಕ್ಕೂ ಕಡಿಮೆ.

ಐಲ್ಯಾಂಡ್‌ನಲ್ಲಿ ಸಿಗುವ ಈ ಖಚಿತತೆ ಉಳಿದೆರಡರಲ್ಲಿ ಸಿಗುವುದಿಲ್ಲ. ಬ್ರಾಡನಿಂಗ್ ಟಾಪ್‌ಗೆ ಒಂದಕ್ಕಿಂತ ಒಂದು ಎತ್ತರದ ಮೂರು ಶಿಖರಗಳು ಬೇಕು, ಅವುಗಳ ನಡುವೆ ಎರಡು ತಳಗಳಿದ್ದು ಎರಡನೆಯದು ಮೊದಲನೆಯದಕ್ಕಿಂತ ಕೆಳಗಿರಬೇಕು. ಬೆಲೆ ಆ ಎರಡನೆಯ ತಳವನ್ನೂ ಮುರಿದು ಕೆಳಗೆ ಮುಗಿದ ಮೇಲೆಯೇ ಮಾದರಿ ಪೂರ್ಣವಾಗುವುದು. ಒಂದು ಷೇರಿನ ಶಿಖರಗಳು 520, 540, 560 ರೂಪಾಯಿ, ತಳಗಳು 490, 470 ಎಂದಿಟ್ಟುಕೊಳ್ಳಿ. 470ರ ಕೆಳಗೆ ಮಾದರಿ ಖಚಿತವಾಗುತ್ತದೆ, ತಪ್ಪಾಯಿತೆಂದು ಖಚಿತವಾಗುವುದು 560ರ ಮೇಲೆ. ಎರಡರ ನಡುವೆ 90 ರೂಪಾಯಿ. ಅಷ್ಟು ದೂರದ ಸ್ಟಾಪ್‌ಲಾಸ್ ಇಟ್ಟುಕೊಂಡು ಫ್ಯೂಚರ್ಸ್‌ನಲ್ಲಿ ಶಾರ್ಟ್ ಮಾಡುವುದು ಸಾಮಾನ್ಯ ಹೂಡಿಕೆದಾರರ ಕೆಲಸವಲ್ಲ. ಕೈಯಲ್ಲಿರುವ ಷೇರನ್ನು ಮಾರಬೇಕೇ ಎಂದು ಯೋಚಿಸುವುದಕ್ಕೆ ಮಾತ್ರ ಈ ಮಾದರಿಯನ್ನು ನಾನು ಬಳಸುತ್ತೇನೆ.

ಡೈಮಂಡ್‌ನಲ್ಲಿ ಏರಿಳಿತ ಮೊದಲು ಹಿಗ್ಗುತ್ತ ಹೋಗಿ ಆಮೇಲೆ ಕುಗ್ಗುತ್ತದೆ. ಅದನ್ನು ಗುರುತಿಸಲು ನಾಲ್ಕು ಗೆರೆಗಳು ಬೇಕು. ಎರಡು ಬಿಂದುಗಳ ಮೇಲೆ ಒಂದು ಗೆರೆಯನ್ನು ಯಾರು ಬೇಕಾದರೂ ಎಳೆಯಬಹುದು, ಹಾಗಾಗಿ ಮನಸ್ಸಿನಲ್ಲಿ ಡೈಮಂಡ್ ಇದ್ದವರಿಗೆ ಚಾರ್ಟ್‌ನಲ್ಲೂ ಅದು ಸಿಕ್ಕೇ ಸಿಗುತ್ತದೆ. ಹೆಡ್ ಅಂಡ್ ಶೋಲ್ಡರ್ಸ್ ಮಾದರಿಯ ನೆಕ್‌ಲೈನ್ ಸ್ವಲ್ಪ ಬಾಗಿದ್ದರೆ ಅದನ್ನೂ ಡೈಮಂಡ್ ಎಂದು ಕರೆಯಬಹುದು. ನನ್ನ ಪದ್ಧತಿ ಇದು: ಗೆರೆಗಳನ್ನು ಅಳಿಸಿ, ಷೇರಿನ ಹೆಸರನ್ನು ಮುಚ್ಚಿ, ಚಾರ್ಟ್ ಓದಬಲ್ಲ ಇನ್ನೊಬ್ಬರ ಮುಂದಿಡುತ್ತೇನೆ. ಅವರಿಗೆ ತಾವಾಗಿಯೇ ಅದು ಕಾಣದಿದ್ದರೆ ಬಿಟ್ಟುಬಿಡುತ್ತೇನೆ. ಕಂಡರೂ, ಬಲಬದಿಯ ಕೆಳಗೆರೆಯನ್ನು ಬೆಲೆ ದಾಟಿ ಮುಗಿಯುವವರೆಗೆ ಏನನ್ನೂ ಮಾಡುವುದಿಲ್ಲ.

ಅಪರೂಪದ್ದು ಎಂದ ಕೂಡಲೇ ಹೆಚ್ಚು ನಂಬಲರ್ಹ ಎಂಬ ಭಾವನೆ ಬರುತ್ತದೆ. ಲೆಕ್ಕ ಹೇಳುವುದು ಇದರ ತದ್ವಿರುದ್ಧವನ್ನು. ನೀವು ನೋಡುವ ಸೂಚ್ಯಂಕದಲ್ಲಿ ವರ್ಷಕ್ಕೊಂದು ಐಲ್ಯಾಂಡ್ ಸಿಕ್ಕಿತೆಂದರೂ ಹತ್ತು ವರ್ಷಕ್ಕೆ ಹತ್ತೇ ಉದಾಹರಣೆ. ಅವುಗಳಲ್ಲಿ ಏಳು ಗೆದ್ದರೆ ಮಾದರಿ ಬಹಳ ಒಳ್ಳೆಯದೆನ್ನಿಸುತ್ತದೆ. ಆದರೆ ನಾಣ್ಯವನ್ನು ಹತ್ತು ಸಲ ಚಿಮ್ಮಿದಾಗ ಏಳು ಅಥವಾ ಹೆಚ್ಚು ಸಲ ತಲೆ ಬೀಳುವ ಸಾಧ್ಯತೆಯೇ ಸುಮಾರು ಆರರಲ್ಲಿ ಒಂದು. ಹತ್ತು ಉದಾಹರಣೆಗಳಿಂದ ಕೌಶಲವನ್ನೂ ಅದೃಷ್ಟವನ್ನೂ ಬೇರ್ಪಡಿಸಲಾಗದು. ಉದಾಹರಣೆ ಹೆಚ್ಚಿಸಲು ಐನೂರು ಷೇರುಗಳನ್ನು ಜಾಲಾಡಿದರೆ ಇನ್ನೊಂದು ತೊಡಕು. ಅಷ್ಟರಲ್ಲಿ ಯಾವುದಾದರೊಂದು ಸಿಕ್ಕೇ ಸಿಗುತ್ತದೆ, ಆಗ ಅದನ್ನು ಅಪರೂಪ ಎನ್ನುವುದರಲ್ಲಿ ಅರ್ಥವಿಲ್ಲ.

ಹಾಗಾಗಿ ಮಾದರಿ ಪಾಸಾದಾಗಲೂ ನನ್ನ ನಿರ್ಧಾರ ನಿಲ್ಲುವುದು ಮೊತ್ತದ ಮೇಲೆ. ಏಪ್ರಿಲ್ 8ರ ಉದಾಹರಣೆಯನ್ನೇ ಲೆಕ್ಕ ಹಾಕೋಣ. ಅಂದಿನ ಅಂತ್ಯದ ಬೆಲೆ ಸುಮಾರು 22,536. ಐಲ್ಯಾಂಡ್‌ನ ಕನಿಷ್ಠವಾದ 21,743 ಮುರಿದರೆ ಮಾದರಿ ಸುಳ್ಳು. ಅಂತರ 793 ಅಂಕ, ಅಂದರೆ ಶೇ 3.5. ನಿಮ್ಮ ಬಳಿ 2 ಲಕ್ಷ ರೂಪಾಯಿ ಇದ್ದು, ಈ ಒಂದು ನಿರ್ಧಾರದಲ್ಲಿ ಶೇ 1ರಷ್ಟು, ಅಂದರೆ 2,000 ರೂಪಾಯಿ ಮಾತ್ರ ಕಳೆದುಕೊಳ್ಳಲು ಸಿದ್ಧರಿದ್ದೀರಿ ಎನ್ನೋಣ. 2,000ವನ್ನು ಶೇ 3.5ರಿಂದ ಭಾಗಿಸಿದರೆ ಸುಮಾರು 57,000 ರೂಪಾಯಿ. ನಿಫ್ಟಿ ಇಟಿಎಫ್‌ನಲ್ಲಿ ಹಾಕಬಹುದಾದ ಗರಿಷ್ಠ ಮೊತ್ತ ಅದು. ಆದರೆ ಗ್ಯಾಪ್‌ಗಳಿಂದಲೇ ಹುಟ್ಟುವ ಈ ಮಾದರಿ ಕಾಣಿಸುವ ದಿನಗಳಲ್ಲಿ ಪೇಟೆ ನಿಮ್ಮ ಸ್ಟಾಪ್‌ಲಾಸನ್ನೂ ಗ್ಯಾಪ್ ಬಿಟ್ಟು ದಾಟಿ ಕೆಳಗೆ ತೆರೆಯಬಹುದು, ಆಗ ನಷ್ಟ 2,000ಕ್ಕೆ ನಿಲ್ಲದು. ಅದಕ್ಕಾಗಿ ನಾನು ಲೆಕ್ಕದಲ್ಲಿ ಬಂದ ಮೊತ್ತದ ಅರ್ಧವನ್ನು ಮಾತ್ರ ಹಾಕುತ್ತೇನೆ, ಮತ್ತು ಮೂರು ಸಂಖ್ಯೆಗಳನ್ನೂ ಸ್ಟಾಪ್‌ಲಾಸ್‌ನ ಬೆಲೆಯನ್ನೂ ಆರ್ಡರ್ ಹಾಕುವ ಮೊದಲೇ ದಿನಾಂಕದೊಂದಿಗೆ ಬರೆದಿಡುತ್ತೇನೆ.